ಸಹಾಯ ಬೇಕು: ನಿಜವಾದ ಅಂಕಿ ಹೇಳುವಂತಿಲ್ಲ, ಬಯೋದಲ್ಲಿ ಏನು ಬರೆಯಲಿ?

ಎಲ್ಲರಿಗೂ ನಮಸ್ಕಾರ. ವೈಟ್‌ಫೀಲ್ಡ್‌ನಲ್ಲಿ ಒಂದು ಟೆಕ್ ಕಾರ್ಯಕ್ರಮದಲ್ಲಿ ಮಾತಾಡಲು ಕರೆದಿದ್ದಾರೆ. ನಾಲ್ಕು ಸಾಲಿನ ಬಯೋ ಕಳಿಸಿದೆ, "ಸ್ವಲ್ಪ ನಂಬರ್ ಹಾಕಿ" ಅಂತ ವಾಪಸ್ ಬಂತು. ಕಂಪನಿಯ ಎನ್‌ಡಿಎ ಇದೆ, ನಿಜವಾದ ಅಂಕಿ ಹೊರಗೆ ಹೇಳುವಂತಿಲ್ಲ.

ಕೆಲಸ ಇಷ್ಟು: ಪೇಮೆಂಟ್ ಫೇಲ್ ಆಗೋದನ್ನ ನಮ್ಮ ತಂಡ ಕಡಿಮೆ ಮಾಡಿತು. 100ಕ್ಕೆ 8 ಇದ್ದದ್ದು 5ಕ್ಕೆ ಇಳಿಯಿತು ಅಂತಿಟ್ಟುಕೊಳ್ಳಿ (ಅಂಕಿ ಬದಲಿಸಿದ್ದೇನೆ, ಹುಡುಕಬೇಡಿ!). "37.5% ಇಳಿಕೆ" ಅಂದರೆ ಲೆಕ್ಕ ಸರಿ, ಆದರೆ ಓದುವವರು 100 ಪೇಮೆಂಟ್‌ನಲ್ಲಿ 37 ಫೇಲ್ ಆಗದೆ ಉಳಿಯಿತು ಅಂದುಕೊಳ್ಳಬಹುದು, ಅಲ್ವಾ? "3 ಶೇಕಡಾವಾರು ಅಂಶ" ಅಂದರೆ ಯಾರಿಗೂ ಅರ್ಥವಾಗಲ್ಲ.

ಇನ್ನೊಂದು ತೊಂದರೆ. ಶೇಕಡಾ ಹೇಳಿ, ಪಕ್ಕದಲ್ಲೇ "ತಿಂಗಳಿಗೆ ಇಷ್ಟು ಸಾವಿರ ಪೇಮೆಂಟ್ ಉಳಿಯಿತು" ಅಂತಲೂ ಬರೆದರೆ, ಮೊದಲು ಎಷ್ಟು ಫೇಲ್ ಆಗ್ತಿತ್ತು ಅನ್ನೋದನ್ನ ಯಾರು ಬೇಕಾದರೂ ಭಾಗಿಸಿ ತೆಗೆಯಬಹುದು. ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಲ್ಲ.

ಸದ್ಯಕ್ಕೆ ಹೀಗೆ ಬರೆದಿದ್ದೇನೆ:

"ಫೇಲ್ ಆಗುತ್ತಿದ್ದ ಪೇಮೆಂಟ್‌ಗಳ ಪ್ರಮಾಣವನ್ನು ಒಂದು ವರ್ಷದಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಸಿದ ತಂಡದಲ್ಲಿ ಕೆಲಸ ಮಾಡಿದ್ದಾರೆ."

ಅಂಕಿಯನ್ನು ಕೆಳಕ್ಕೇ ಇಳಿಸಿದ್ದೇನೆ, "ಸುಮಾರು 40%" ಅಂತ ಮೇಲಕ್ಕೆ ಏರಿಸಿಲ್ಲ. "ತಂಡದಲ್ಲಿ" ಅನ್ನೋದನ್ನ ತೆಗೆಯಿರಿ, ಪಂಚ್ ಇಲ್ಲ ಅಂತಾನೆ ಗೆಳೆಯ, ನನಗೆ ಒಪ್ಪಿಗೆಯಿಲ್ಲ.

ನನ್ನ ಪ್ರಶ್ನೆ: ಇಂಥ ಸಾಲನ್ನೂ ಮ್ಯಾನೇಜರ್ ಅಥವಾ ಲೀಗಲ್‌ನವರಿಗೆ ಮೇಲ್‌ನಲ್ಲಿ ಕಳಿಸಿ ಒಪ್ಪಿಗೆ ಪಡೀತೀರಾ? ಸಭೆಯಲ್ಲಿ ಯಾರಾದರೂ "ಸರಿಯಾಗಿ ಎಷ್ಟು?" ಅಂದರೆ ಏನು ಹೇಳ್ತೀರಿ? ಶುಕ್ರವಾರದೊಳಗೆ ಕಳಿಸಬೇಕು.