ಮೇಲಿನಮನೆ ಬಳಗ: ಊಟದ ಮೇಲೊಂದು ಮಾತ್ರೆ

ಶ್ರೀಪಾದ ಭಾವ: (ಫಾರ್ವರ್ಡ್) ನಿದ್ದೆ ಬಾರದವರಿಗೆ ಸಿಹಿಸುದ್ದಿ! ಜೋಲ್ಪಿಡೆಮ್ ಹಳೇ ನಿದ್ದೆ ಮಾತ್ರೆಗಳ ಹಾಗಲ್ಲ. ರಾತ್ರಿ ಊಟ ಆದ ಕೂಡಲೇ ಒಂದು ನುಂಗಿ ನಿಮ್ಮ ಕೆಲಸ ನೋಡ್ಕೊಳ್ಳಿ, ನಿದ್ದೆ ತಾನಾಗಿ ಬರುತ್ತೆ. ಚಟ ಇಲ್ಲ, ಬೆಳಿಗ್ಗೆ ಮಂಪರಿಲ್ಲ. ಎಲ್ಲಾ ಹಿರಿಯರಿಗೂ ತಲುಪಿಸಿ.

ಶ್ರೀಪಾದ ಭಾವ: ದೀಪಾವಳಿಗೆ ಬಂದಾಗ ಮಾವನಿಗೆ ಕೊಟ್ಟು ಬಂದಿದ್ದು ಇದೇ ಮಾತ್ರೆ.

ಸರೋಜತ್ತೆ: ನಂಗೂ ರಾತ್ರಿ ಎರಡು ಗಂಟೆ ತನಕ ಕಣ್ಣು ಮುಚ್ಚಲ್ಲ. ಅಣ್ಣಾ, ಉಳಿದಿದ್ರೆ ನಾಲ್ಕು ಕಳ್ಸು. ಭಾನುವಾರ ರಘು ಸಾಗರಕ್ಕೆ ಬರ್ತಾನಲ್ಲ.

ವಿದ್ಯಾ: ಅತ್ತೆ, ದಯವಿಟ್ಟು ಬೇಡ. ಭಾವ, ಆ ಮೆಸೇಜ್ ಅಳಿಸಿ. ನುಂಗಿ ಕೆಲಸ ನೋಡ್ಕೊಳ್ಳಿ ಅಂತ ಇದೆಯಲ್ಲ, ಅಪಾಯ ಇರೋದೇ ಆ ಸಾಲಲ್ಲಿ.

ಶ್ರೀಪಾದ ಭಾವ: ನಾನು ಎರಡು ವರ್ಷದಿಂದ ತಗೊಳ್ತಾ ಇದ್ದೀನಿ ವಿದ್ಯಾ, ಏನೂ ಆಗಿಲ್ಲ. ನೀವು ಮೆಡಿಕಲ್ ಶಾಪಿನವರು ಎಲ್ಲದಕ್ಕೂ ಹೆದರಿಸ್ತೀರಿ.

ವಿದ್ಯಾ: ನಿಮಗೆ ಡಾಕ್ಟರು ನೋಡಿ ಬರೆದಿದ್ದು ಭಾವ. ದೊಡ್ಡಪ್ಪನಿಗೆ ಯಾರೂ ನೋಡಿಲ್ಲ. ಮಾತ್ರೆ ಪಟ್ಟಿ ತಿರುಗಿಸಿ, ಕೆಂಪು ಅಂಚಿನ ಚೌಕದಲ್ಲಿ ಎಚ್ಚರಿಕೆ ಇರುತ್ತೆ. ಶೆಡ್ಯೂಲ್ ಎಚ್1 ಔಷಧಿ ಅದು. ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಮಾರಿದ್ರೆ ರೋಗಿ ಹೆಸರು, ಡಾಕ್ಟರ ಹೆಸರು ಬೇರೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಇಡ್ಬೇಕು. ಅಂಥದ್ದನ್ನ ಹಪ್ಪಳ ಹಂಚಿದ ಹಾಗೆ ಹಂಚೋದಾ?

ದೊಡ್ಡಮ್ಮ: ವಿದ್ಯಾ, ಒಂದು ಕೇಳ್ತೀನಿ. ಇವರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ. ಸೋಮವಾರ ರಾತ್ರಿ ಸದ್ದಾಯ್ತು ಅಂತ ಎದ್ದು ನೋಡಿದ್ರೆ, ಹಿತ್ಲಲ್ಲಿ ಅಡಿಕೆ ಬೇಯಿಸೋ ಒಲೆಗೆ ಕಟ್ಟಿಗೆ ತುಂಬ್ತಾ ಇದ್ರು. ಬೆಂಕಿ ಹತ್ತಿತ್ತು, ಹಂಡೆಯಲ್ಲಿ ಒಂದು ತೊಟ್ಟು ನೀರಿಲ್ಲ. ಏನ್ರೀ ಇದು ಅಂದ್ರೆ "ಅಡಿಕೆ ಕೊಯ್ಯೋಕೆ ಕೊನೆಗಾರ ಬರ್ತಾನೆ" ಅಂದ್ರು. ಕಣ್ಣು ತೆರೆದೇ ಇತ್ತು, ಆದ್ರೆ ನೋಟ ನನ್ನ ಮೇಲೆ ಇರ್ಲಿಲ್ಲ. ಕೈ ಹಿಡ್ಕೊಂಡು ಬಂದು ಮಲಗಿಸಿದೆ. ಬೆಳಿಗ್ಗೆ ಕೇಳಿದ್ರೆ, ಯಾವ ಒಲೆ ಅಂತ ನನ್ನನ್ನೇ ಕೇಳಿದ್ರು.

ಸರೋಜತ್ತೆ: ಅಯ್ಯೋ ದೇವರೇ. ತೋಟದ ಚೌಡಿಗೆ ಈ ವರ್ಷ ಹಣ್ಣುಕಾಯಿ ಮಾಡಿಸಿದ್ರಾ ಅತ್ತಿಗೆ?

ದೊಡ್ಡಪ್ಪ: ಕೊಯ್ಲಿನ ಕಾಲ, ದಣಿವಿಗೆ ಕನವರಿಸಿರ್ತೀನಿ. ಇಷ್ಟು ದೊಡ್ಡದು ಮಾಡೋದು ಬೇಡ.

ವಿದ್ಯಾ: ದೊಡ್ಡಪ್ಪ, ಇಷ್ಟು ಹೇಳಿ. ಎಷ್ಟು ಮಿಲಿಗ್ರಾಂ? ಎಷ್ಟೊತ್ತಿಗೆ ನುಂಗ್ತೀರಿ? ಹಾಸಿಗೆಗೆ ಹೋಗೋದು ಯಾವಾಗ?

ದೊಡ್ಡಪ್ಪ: 10 ಅಂತ ಬರೆದಿದೆ. ಎಂಟೂವರೆಗೆ ಊಟ, ಅದರ ಮೇಲೆ ಮಾತ್ರೆ. ಆಮೇಲೆ ಹತ್ತು ಹತ್ತೂವರೆ ತನಕ ಎಲ್ಲರ ಜೊತೆ ಅಡಿಕೆ ಸುಲಿಯೋಕೆ ಕೂರ್ತೀನಿ.

ರಘಣ್ಣ: ಅಪ್ಪಾ, ಸೋಮವಾರ ನೀವು ಸುಲಿದ ಬುಟ್ಟಿಯಲ್ಲಿ ಅರ್ಧಕ್ಕರ್ಧ ಸಿಪ್ಪೆ ಸಮೇತ ಇತ್ತು. ಯಾರೋ ಹುಡುಗರು ಹಾಕಿದ್ದು ಅಂದ್ಕೊಂಡಿದ್ದೆ.

ದೊಡ್ಡಪ್ಪ: ಸೋಮವಾರ ನಾನು ಸುಲಿಯೋಕೆ ಕೂತಿದ್ನಾ?

ವಿದ್ಯಾ: ಅದೇ ದೊಡ್ಡಪ್ಪ. ಮೆಟ್ಟುಗತ್ತಿ ಮುಂದೆ ಕೂತಿದ್ದು ಕೂಡ ನೆನಪಿಲ್ಲ ನಿಮಗೆ. ಕನವರಿಕೆ ಅಂದ್ರೆ ಹಾಸಿಗೆಯಲ್ಲಿ ಮಾತಾಡೋದು. ಇದು ಬೇರೆ. ಈ ಮಾತ್ರೆ ಅರ್ಧ ಗಂಟೆಯೊಳಗೆ ಕೆಲಸ ಶುರು ಮಾಡೋ ಅಂಥದ್ದು, ಹೊಟ್ಟೆ ತುಂಬಿದ್ರೆ ಸ್ವಲ್ಪ ತಡ. ಆ ಹೊತ್ತಲ್ಲಿ ಎದ್ದು ಓಡಾಡ್ತಿದ್ರೆ ನೆನಪಿಟ್ಟುಕೊಳ್ಳೋ ಶಕ್ತಿ ಮೊದಲು ಮಲಗುತ್ತೆ, ರೂಢಿಯ ಕೆಲಸ ಮಾಡೋ ಕೈಕಾಲು ಎದ್ದೇ ಇರುತ್ತೆ. ಮಲಗಿದ ಮೇಲೂ ಅರ್ಧ ಎಚ್ಚರದಲ್ಲಿ ಎದ್ದು ಹೋಗೋದುಂಟು. ಅಡುಗೆ ಮಾಡ್ತಾರೆ, ಊಟ ಮಾಡ್ತಾರೆ, ಗಾಡಿ ಕೂಡ ಓಡಿಸ್ತಾರೆ. ನಿಮ್ಮ ಕೈ ಐವತ್ತು ವರ್ಷದಿಂದ ಮಾಡಿದ್ದು ಒಲೆ ಹಚ್ಚೋದು, ಅದನ್ನೇ ಮಾಡಿದೆ.

ಶ್ರೀಪಾದ ಭಾವ: ಯಾರಿಗೋ ಅಪರೂಪಕ್ಕೆ ಆಗಿರಬಹುದು. ಲಕ್ಷಾಂತರ ಜನ ತಗೊಳ್ತಾರೆ.

ವಿದ್ಯಾ: ಅಪರೂಪ ಹೌದು, ಒಪ್ತೀನಿ. ಆದ್ರೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಇಂಥ 66 ಗಂಭೀರ ಪ್ರಕರಣ ಪರಿಶೀಲಿಸಿತು, ಅದರಲ್ಲಿ 20 ಜನ ತೀರಿಕೊಂಡಿದ್ರು. ಬಿದ್ದವರು, ಸುಟ್ಟುಕೊಂಡವರು, ನೀರಲ್ಲಿ ಮುಳುಗಿದವರು. ಕೆಲವರಿಗೆ ಮೊದಲ ಮಾತ್ರೆಗೇ ಆಗಿತ್ತು, ಕಡಿಮೆ ಡೋಸಲ್ಲೂ, ಕುಡಿಯದವರಿಗೂ ಆಗಿತ್ತು. ಆಮೇಲೆ ಈ ಗುಂಪಿನ ಔಷಧಿಗಳಿಗೆ ಅತಿ ಕಠಿಣ ಎಚ್ಚರಿಕೆ ಹಾಕಿದ್ರು: ಒಂದು ಸಲ ಹೀಗಾದವರಿಗೆ ಮತ್ತೆ ಕೊಡಲೇಬಾರದು.

ರಘಣ್ಣ: 5ಕ್ಕೆ ಇಳಿಸಿದ್ರೆ? ಹೇಗೂ ಕೋಣೆಗೆ ಹೊರಗಿಂದ ಚಿಲಕ ಹಾಕ್ತೀನಿ.

ವಿದ್ಯಾ: ಮೊದಲಿಂದ ಕೊಟ್ಟಿದ್ರೆ ಈ ವಯಸ್ಸಿಗೆ 5ನ್ನೇ ಕೊಡ್ಬೇಕಿತ್ತು. ಈಗ ಅದೂ ಬೇಡ ರಘಣ್ಣ. ಹೊರಗಿನ ಚಿಲಕವಂತೂ ಬೇಡವೇ ಬೇಡ. ಅರೆನಿದ್ದೆಯವರು ಬಾಗಿಲು ತೆಗೆಯೋಕೆ ಆಗದೇ ಇದ್ರೆ ಕಿಟಕಿ ಹುಡುಕ್ತಾರೆ. ಹೊಗೆ ಎದ್ರೆ ಹೊರಗೆ ಬರೋ ದಾರಿ ಇರಲ್ಲ. ದೊಡ್ಡಪ್ಪ ಕೆಳಗೆ ಮಲಗಲಿ, ಅಟ್ಟದ ಮೆಟ್ಟಿಲು ಬೇಡ. ಹಿತ್ಲ ಬಾಗಿಲಿಗೆ ಒಳಗಿಂದಲೇ ಅಗಳಿ ಹಾಕಿ ಒಂದು ಗಂಟೆ ಕಟ್ಟಿ, ತೆಗೆದ್ರೆ ದೊಡ್ಡಮ್ಮನಿಗೆ ಕೇಳಿಸುತ್ತೆ. ಮೆಟ್ಟುಗತ್ತಿ, ಬೆಂಕಿಪೊಟ್ಟಣ, ಬೈಕಿನ ಕೀಲಿ ನಿನ್ನ ಕೋಣೇಲಿರಲಿ. ಬಾವಿಗೆ ಜಾಲರಿ ಮುಚ್ಚು. ಇದು ನಾಲ್ಕಾರು ರಾತ್ರಿಯ ಕಾವಲು ಅಷ್ಟೆ. ಕಾವಲಿದೆ ಅಂತ ಮಾತ್ರೆ ಮುಂದುವರಿಸೋ ಹಾಗಿಲ್ಲ.

ದೊಡ್ಡಮ್ಮ: ಮತ್ತೆ ಹಾಗೆ ಎದ್ರೆ ಎಬ್ಬಿಸಬಹುದಾ? ಎಬ್ಬಿಸಿದ್ರೆ ಜೀವಕ್ಕೇ ಅಪಾಯ ಅಂತಾರೆ.

ವಿದ್ಯಾ: ಜೀವ ಹೋಗಲ್ಲ ದೊಡ್ಡಮ್ಮ. ಆದ್ರೆ ಅಲ್ಲಾಡಿಸಿದ್ರೆ ಗಾಬರಿಯಲ್ಲಿ ತಳ್ಳಬಹುದು. ನೀವು ಅವತ್ತು ಮಾಡಿದ್ದೇ ಸರಿ, ಮೆಲ್ಲ ಮಾತಾಡ್ತಾ ಕೈ ಹಿಡಿದು ಹಾಸಿಗೆಗೆ ಕರ್ಕೊಂಡು ಬನ್ನಿ. ಅತ್ತೆ, ಚೌಡಿಗೆ ಹಣ್ಣುಕಾಯಿ ಮಾಡ್ಸಿ, ನಾನೂ ಬರ್ತೀನಿ. ಮಾತ್ರೆ ಮಾತ್ರ ನಿಲ್ಲಬೇಕು.

ದೊಡ್ಡಪ್ಪ: ನಿಲ್ಸಿದ್ರೆ ನಿದ್ದೆ ಬರಲ್ಲ ಮಗಳೆ. ಕೊಯ್ಲು ಮುಗಿಯೋ ತನಕ ಬಿಡು.

ವಿದ್ಯಾ: ಮೊದಲ ಒಂದೆರಡು ರಾತ್ರಿ ಮೊದಲಿಗಿಂತ ಕೆಟ್ಟದಾಗಿ ಎಚ್ಚರ ಇರಬಹುದು ದೊಡ್ಡಪ್ಪ. ಅದು ಮಾತ್ರೆ ಬಿಟ್ಟ ಪರಿಣಾಮ, ನಿಮಗೆ ಮಾತ್ರೆ ಬೇಕೇ ಬೇಕು ಅನ್ನೋದಕ್ಕೆ ಗುರುತಲ್ಲ. ಕೈ ನಡುಗೋದು, ವಿಪರೀತ ಬೆವರು ಬಂದ್ರೆ ತಕ್ಷಣ ಆಸ್ಪತ್ರೆಗೆ ಹೋಗಿ. ಸುಲಿಯೋವಾಗ ಒಂಬತ್ತಕ್ಕೆ ಚಹಾ ಮಾಡ್ತೀರಲ್ಲ, ಅದನ್ನ ಸಂಜೆಗೇ ಮುಗಿಸಿ.

ಶ್ರೀಪಾದ ಭಾವ: ಮೆಸೇಜ್ ಅಳಿಸಿದೆ. ಮಾವ, ನಾನು ಕೊಡಬಾರದಿತ್ತು. ವಿದ್ಯಾ, ಹಾಗಾದ್ರೆ ನಾನೂ ಇವತ್ತಿಂದ ನಿಲ್ಸಿಬಿಡ್ಲಾ?

ವಿದ್ಯಾ: ಹಾಗೆ ಒಮ್ಮೆಲೆ ಬೇಡ ಭಾವ. ನಿಮಗೆ ಹೀಗೇನೂ ಆಗಿಲ್ಲ, ಎರಡು ವರ್ಷ ತಗೊಂಡಿದ್ದೀರಿ. ಬರೆದ ಡಾಕ್ಟರ ಹತ್ರ ಮಾತಾಡಿ ನಿಧಾನಕ್ಕೆ ಇಳಿಸಿ. ಅಲ್ಲಿ ತನಕ ಬಾಗಿಲು ಹಾಕಿ, ದೀಪ ಆರಿಸಿ, ಹಾಸಿಗೆ ಮೇಲೆ ಕೂತ ಮೇಲೆ ನುಂಗಿ. ಮುಂದೆ ಏಳೆಂಟು ಗಂಟೆ ಮಲಗೋಕೆ ಸಮಯ ಇದ್ರೆ ಮಾತ್ರ. ಪಾರ್ಟಿ ಇದ್ದ ರಾತ್ರಿ ಬೇಡ, ನಿದ್ದೆ ಬರ್ಲಿಲ್ಲ ಅಂತ ಎರಡನೇದಂತೂ ಬೇಡ.

ಸರೋಜತ್ತೆ: ನಂಗೆ ಅರ್ಧ ಮಾತ್ರೆನೂ ಆಗಲ್ವಾ?

ವಿದ್ಯಾ: ಅತ್ತೆ, ಹೆಂಗಸರ ಮೈಯಿಂದ ಇದು ಇನ್ನೂ ನಿಧಾನಕ್ಕೆ ಹೋಗುತ್ತೆ. ಅದಕ್ಕೇ 2013ರಲ್ಲಿ ಅಮೆರಿಕದಲ್ಲಿ ಹೆಂಗಸರ ಡೋಸನ್ನ ಅರ್ಧಕ್ಕೆ ಇಳಿಸಿದ್ರು. ನಿಮಗೆ ಎರಡು ಗಂಟೆ ತನಕ ಯಾಕೆ ಎಚ್ಚರ ಅಂತ ಮೊದಲು ನೋಡಿಸೋಣ. ಈ ವಾರ ಶಿವಮೊಗ್ಗಕ್ಕೆ ಬನ್ನಿ, ನಾನೇ ಕರ್ಕೊಂಡು ಹೋಗ್ತೀನಿ.

ರಘಣ್ಣ: ಪಟ್ಟಿ ನನ್ನ ಹತ್ರ ತಗೊಂಡೆ. ನಾಳೆ ಅಪ್ಪನ್ನ ತೀರ್ಥಹಳ್ಳಿಗೆ ತೋರ್ಸೋಕೆ ಕರ್ಕೊಂಡು ಹೋಗ್ತೀನಿ. ಏನು ಹೇಳ್ಬೇಕು?

ವಿದ್ಯಾ: ಬರೀ ನಿದ್ದೆ ಬರಲ್ಲ ಅಂದ್ರೆ ಇದೇ ಗುಂಪಿನ ಇನ್ನೊಂದು ಬರೆದಾರು. ಜೋಪಿಕ್ಲೋನ್, ಎಸ್ಜೋಪಿಕ್ಲೋನ್ ಕೂಡ ಇದರ ಅಣ್ಣತಮ್ಮಂದಿರೇ. ಸೋಮವಾರದ ಒಲೆ ವಿಷಯ ದೊಡ್ಡಮ್ಮನ ಬಾಯಿಂದಲೇ ಹೇಳ್ಸು, ಅವರನ್ನೂ ಕರ್ಕೊಂಡು ಹೋಗು. ಎಷ್ಟು ದಿನದಿಂದ ತಗೊಂಡ್ರು ಅಂತಲೂ ಹೇಳು. ಬೇರೆ ಮಾತ್ರೆಗಳಿದ್ರೆ ಎಲ್ಲ ಪಟ್ಟಿ ಚೀಲದಲ್ಲಿ ಹಾಕ್ಕೋ, ಶೀತದ ಮಾತ್ರೆ ಸಮೇತ. ಜೋಲ್ಪಿಡೆಮ್ ನಿಲ್ಸಿದ ಮೇಲೂ ಹೀಗೆ ಎದ್ದು ಹೋದ್ರೆ ಕಾರಣ ಬೇರೆ ಇರುತ್ತೆ, ಆಗ ನರರೋಗ ತಜ್ಞರಿಗೆ ತೋರಿಸಬೇಕಾಗುತ್ತೆ.

ದೊಡ್ಡಪ್ಪ: ಆಯ್ತು. ನಾಳೆ ಎಂಟಕ್ಕೆ ಹೊರಡೋಣ ರಘು, ಹನ್ನೊಂದಕ್ಕೆ ಕೊನೆಗಾರ ಬರ್ತಾನೆ.

ದೊಡ್ಡಮ್ಮ: ಕೊನೆಗಾರನಿಗೆ ನಾಡಿದ್ದು ಬಾ ಅಂತ ಹೇಳಾಯ್ತು.