ಸಹಾಯ ಬೇಕು: 'ಹಳೇ ಅಕ್ಕಿ' ಅಂತ ಬರಿಯೂದು ಹೆಂಗ್ರಿ?

ನಮಸ್ಕಾರ್ರೀ, ನಾವು ಹಾನಗಲ್ ಕಡೆಯವ್ರು. ಮನಿ ಸೋನಾ ಮಸೂರಿ ಆನ್‌ಲೈನ್‌ನಾಗ ಮಾರಾಕ ವಿವರ ಬರಿಯಾಕತ್ತೀನಿ. 'ಅತ್ಯುತ್ತಮ', 'ನಂಬರ್ ಒನ್' ಬ್ಯಾಡ ಅನ್ನೂದು ನನ್ನ ಹಠ, ತಮ್ಮ ಒಪ್ಪವಲ್ಲ.

ಭತ್ತ ಕೊಯ್ದು 14 ತಿಂಗಳಾತು, ಗಿರಣಿಗೆ ಹಾಕಿಸಿದ್ದು ಹೋದ ತಿಂಗಳ. ಬರೇ 'ಒಂದ್ ವರ್ಷ ಹಳೇದು' ಅಂದ್ರ ಅಕ್ಕಿ ಮಾಡಿಸಿಟ್ಟು ವರ್ಷಾತು ಅಂತ ಓದೋರು ತಿಳ್ಕೋತಾರ. ಎರಡೂ ತಿಂಗಳು ಬರೀಲೇನು?

ನುಚ್ಚು ಚೀಲದ ತಳಕ್ಕ ಇಳಿತೈತಿ. ಅದಕ್ಕ ಮ್ಯಾಲೆ, ನಡುವ, ತಳದಾಗಿಂದ ತಲಾ 100 ಗ್ರಾಂ ಆರಿಸಿದೆ: 4, 6, 8 ಗ್ರಾಂ ನುಚ್ಚು. 'ಸರಾಸರಿ ನುಚ್ಚು ನೂರಕ್ಕ 6' ಅಂದ್ರ ಸಾಕೇನು, ತಳದ 8 ಸುದ್ದಾ ಹೇಳಬೇಕೇನು?

200 ಗ್ರಾಂ ಅಕ್ಕಿ, ಅರ್ಧ ಲೀಟರ್ ನೀರು, ಪಾತ್ರಿಯೊಳಗ ಕುದಿಸಿದ್ರ 570 ಗ್ರಾಂ ಅನ್ನ ಆತು. ಕುಕ್ಕರಿನ ಲೆಕ್ಕ ಬ್ಯಾರೆ ಬರ್ತೈತಿ, ಯಾವುದು ಹಾಕಲಿ? ಮಾರಿದವ್ರು ಹೇಳ್ರಿ.