ಅಪ್‌ಡೇಟ್: ಗ್ಲೌಸ್ ಊದಿ ನೋಡಿದೆ

ನಾನು ಕೇಳಿದ್ದು: "ಬೀದರ್‌ನಲ್ಲಿ ಬೆಳಿಗ್ಗೆ 6ಕ್ಕೆ ಸ್ಕೂಟರ್ ಓಡಿಸ್ತೀನಿ. ಉಣ್ಣೆ ಗ್ಲೌಸ್ ಹಾಕಿದ್ರೂ ಬೆರಳು ಮರಗಟ್ಟುತ್ತೆ, ಯಾಕೆ?"

ತಪ್ಪು ಉಣ್ಣೆಯದಲ್ಲ, ಸಡಿಲ ಹೆಣಿಗೆಯದು. ಗ್ಲೌಸನ್ನು ಬಾಯಿಗೆ ಒತ್ತಿ ಊದಿದೆ. ಉಸಿರು ಸಲೀಸಾಗಿ ಆಚೆ ಬಂತು. ಗಾಳಿಯೂ ಹಾಗೇ ನುಗ್ಗುತ್ತೆ ಅಲ್ವಾ?

ಈಗ ಅದರ ಮೇಲೆ ಗಾಳಿ ತಡೆಯುವ ನೈಲಾನ್ ಗ್ಲೌಸ್ ಹಾಕ್ತೀನಿ. ಒಂದು ಸೈಜ್ ದೊಡ್ಡದೇ ತಗೊಂಡೆ. ಬಿಗಿಯಾದರೆ ಉಣ್ಣೆ ಅಪ್ಪಚ್ಚಿಯಾಗಿ ಬೆಚ್ಚಗಿನ ಗಾಳಿ ಒಳಗೆ ನಿಲ್ಲಲ್ಲ.

ನೈಲಾನ್ ಗ್ಲೌಸಿನಲ್ಲಿ ಫೋನ್ ಮುಟ್ಟೋಕೆ ಇರೋ ಟಚ್ ತುದಿ ಮಾತ್ರ ಮೊದಲು ಕೆಲಸ ಮಾಡಲಿಲ್ಲ. ವಿದ್ಯುತ್ ಹರಿಯುವ ದಾರಕ್ಕೂ ಚರ್ಮಕ್ಕೂ ನಡುವೆ ಉಣ್ಣೆ ಕೂತಿತ್ತು. ಒಳಗ್ಲೌಸಿನ ತೋರುಬೆರಳ ತುದಿ ಕತ್ತರಿಸಿದೆ, ಫೋನ್ ಓಕೆ. ಅಮ್ಮ ಬೈದರು, ಅದು ಬೇರೆ ಮಾತು.

ಮಫ್ಲರ್ ಹಳೆಯ ಉಣ್ಣೆಯದೇ. ಎರಡೂ ತುದಿ ಜಾಕೆಟ್ ಒಳಗೆ ಸಿಕ್ಕಿಸಿ ಜಿಪ್ ಎಳೀತೀನಿ.